30 ಕುರಿ, ಒಂದೇ ಮೇವು: ಮುಕ್ಕಾಲು ಪಾಲು ಜಂತುಹುಳು ಮೊಟ್ಟೆ 6 ಕುರಿಗಳಲ್ಲೇ ಏಕೆ?

ರೇಖಾ_ಹಟ್ಟಿ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಕಡೆಯವಳು, 30 ಬನ್ನೂರು ಕುರಿ ಸಾಕಿದ್ದೇನೆ. ಎಲ್ಲವೂ ಒಂದೇ ಕೊಟ್ಟಿಗೆಯಲ್ಲಿ ಇರುತ್ತವೆ, ಹಗಲು ಒಂದೇ ಕೆರೆಯಂಗಳದಲ್ಲಿ ಮೇಯುತ್ತವೆ. ಮಳೆ ಹಿಡಿದ ಮೇಲೆ ಎರಡು ಕುರಿಗೆ ಗದ್ದದ ಕೆಳಗೆ ನೀರು ತುಂಬಿತು. ಹಾಗಾಗಿ ಈ ಸಲ ಎಲ್ಲ 30ರ ಹಿಕ್ಕೆಯನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಪರಿಚಯದ ಪಶುವೈದ್ಯರ ಜೊತೆ ಕೂತು ಮ್ಯಾಕ್‌ಮಾಸ್ಟರ್ ಎಂಬ ಗೆರೆ ಹಾಕಿದ ಎಣಿಕೆ ಗಾಜಿನಲ್ಲಿ ಜಂತುಹುಳುಗಳ ಮೊಟ್ಟೆ ಎಣಿಸಿದೆ. ಗಾಜಿನಲ್ಲಿ ಕಂಡ ಒಂದು ಮೊಟ್ಟೆ ಎಂದರೆ ಒಂದು ಗ್ರಾಂ ಹಿಕ್ಕೆಯಲ್ಲಿ 50 ಮೊಟ್ಟೆ ಎಂಬುದು ಲೆಕ್ಕ.

ಎಂಟು ಕುರಿಗಳಲ್ಲಿ ಒಂದೂ ಕಾಣಲಿಲ್ಲ. ಐದರಲ್ಲಿ ಒಂದೊಂದು, ನಾಲ್ಕರಲ್ಲಿ ಎರಡೆರಡು, ಮೂರರಲ್ಲಿ ಮೂರು ಮೂರು, ಎರಡರಲ್ಲಿ ನಾಲ್ಕು, ಎರಡರಲ್ಲಿ ಆರು. ಉಳಿದ ಆರರಲ್ಲಿ 8, 11, 14, 19, 27, 48. ಕೊನೆಯದು 17ನೇ ನಂಬರ್ ಓಲೆಯ ಕುರಿ, ಅಂದರೆ ಗ್ರಾಂಗೆ 2400. ಒಟ್ಟು 169 ಮೊಟ್ಟೆಗಳಲ್ಲಿ 127 ಈ ಆರು ಕುರಿಗಳದ್ದೇ.

ಒಂದೇ ನೀರು, ಒಂದೇ ಹುಲ್ಲು. ಹೀಗಿದ್ದೂ ಇಷ್ಟು ಅಂತರ ಬಂದದ್ದು ನಾನು ಎಣಿಸುವಾಗ ಮಾಡಿದ ತಪ್ಪಿನಿಂದಲೋ, ಹುಳುಗಳ ನಡತೆಯೇ ಹೀಗೋ?

ಅಂಕಿಸಂಕಿ

ಮೇಡಂ, ನಾನು ಬೆಂಗಳೂರಲ್ಲಿ ಡೇಟಾ ಕೆಲಸ ಮಾಡುವವನು, ಕುರಿ ಬಗ್ಗೆ ತಿಳಿಯದು. ಲೆಕ್ಕ ಮಾತ್ರ ಹಾಕಿ ನೋಡಿದೆ. ಗ್ರಾಂವಾರು ಅಂಕಿಗಳ ಸರಾಸರಿ ಸುಮಾರು 282, ಅಂಕಿಗಳು ಎಷ್ಟು ಹರಡಿವೆ ಎಂದು ತೋರಿಸುವ ವೇರಿಯನ್ಸ್ 2,56,000ಕ್ಕೂ ಹೆಚ್ಚು. ಹುಳು ಯಾದೃಚ್ಛಿಕವಾಗಿ ಹಂಚಿದ್ದರೆ ಪಾಯ್ಸಾನ್ ಆಗಬೇಕು, ಆಗ ವೇರಿಯನ್ಸ್ ಮತ್ತು ಸರಾಸರಿ ಒಂದೇ ಇರಬೇಕು. ಇಲ್ಲಿ ಅದು 910 ಪಟ್ಟು ಇದೆ! ಇದು ನೆಗೆಟಿವ್ ಬೈನಾಮಿಯಲ್ ಹಂಚಿಕೆ, ಅಂದರೆ ಬಹಳ ಕುರಿಗಳಲ್ಲಿ ಸ್ವಲ್ಪ, ಕೆಲವೇ ಕುರಿಗಳಲ್ಲಿ ಬಹಳ. ನಿಮ್ಮ ಎಣಿಕೆ ತಪ್ಪಿಲ್ಲ. 48 ಮಾತ್ರ ಔಟ್‌ಲೈಯರ್ ಅನಿಸುತ್ತದೆ, ಅದನ್ನು ತೆಗೆದುಹಾಕಿ ಲೆಕ್ಕ ಮಾಡಿದರೆ ಒಳ್ಳೆಯದು.

ಹುಳುಮೇಷ್ಟ್ರು

ಅಂಕಿಸಂಕಿಯವರು ಮುಟ್ಟಿದ ಊರು ಸರಿ, ದಾರಿಯಲ್ಲಿ ಎರಡು ಕಡೆ ಎಡವಿದ್ದಾರೆ. ಮೂವತ್ತು ವರ್ಷ ಪರಾವಲಂಬಿ ವಿಷಯ ಪಾಠ ಮಾಡಿದವನು ನಾನು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು 910. ನಾವು ನಿಜವಾಗಿ ಎಣಿಸಿದ್ದು ಗಾಜಿನ ಮೇಲಿನ ಮೊಟ್ಟೆಯನ್ನು. 50ರಿಂದ ಗುಣಿಸಿದ್ದು ಆಮೇಲೆ. ಗುಣಿಸಿದಾಗ ಸರಾಸರಿ 50 ಪಟ್ಟು ಏರಿದರೆ ವೇರಿಯನ್ಸ್ 2500 ಪಟ್ಟು ಏರುತ್ತದೆ, ಅವೆರಡರ ಅನುಪಾತ ಸುಮ್ಮನೆ 50 ಪಟ್ಟು ಉಬ್ಬುತ್ತದೆ. ಅಪ್ಪಟ ಪಾಯ್ಸಾನ್ ಅಂಕಿಗಳನ್ನೇ ತಂದು 50ರಿಂದ ಗುಣಿಸಿದರೂ ಅನುಪಾತ 50 ಬರುತ್ತದೆ, ನೋಡಿದವರು 'ಅಬ್ಬಾ, ಎಷ್ಟು ಗುಂಪುಗೂಡಿವೆ' ಎನ್ನುತ್ತಾರೆ. ಪ್ರಕಟವಾದ ಬರಹಗಳಲ್ಲೂ ಈ ತಪ್ಪನ್ನು ಕಂಡಿದ್ದೇನೆ. ಹಂಚಿಕೆ ನೋಡುವಾಗ ಯಾವಾಗಲೂ ಗಾಜಿನ ಎಣಿಕೆಯನ್ನೇ ಬಳಸಬೇಕು. ರೇಖಾ ಅವರ ಎಣಿಕೆಯಲ್ಲಿ ಸರಾಸರಿ 5.63, ವೇರಿಯನ್ಸ್ 102.6, ಅನುಪಾತ 18. ಅದೂ ಕಡಿಮೆಯೇನಲ್ಲ. ಪಾಯ್ಸಾನ್ ಆಗಿದ್ದರೆ ಸೊನ್ನೆ ಬರುವ ಕುರಿಗಳ ನಿರೀಕ್ಷೆ 30ಕ್ಕೆ 0.1, ಅಂದರೆ ಇಂಥ ಹತ್ತು ಹಿಂಡು ಹುಡುಕಿದರೆ ಒಂದು ಸೊನ್ನೆ. ಇಲ್ಲಿ ಎಂಟು ಇವೆ. ಹದಿನೈದು ದಾಟುವುದೇ ಅಪರೂಪವಾಗಬೇಕಿತ್ತು, ಇಲ್ಲಿ 48 ಇದೆ.

ಎರಡನೆಯದು ಆ 48ನ್ನು ತೆಗೆದುಹಾಕುವ ಸಲಹೆ. ದಯವಿಟ್ಟು ಬೇಡ. ಬೇರೆ ಕಡೆ ದೊಡ್ಡ ಅಂಕಿ ಬಂದರೆ ಉಪಕರಣ ಕೆಟ್ಟಿರಬಹುದು. ಹುಳುವಿನ ಲೆಕ್ಕದಲ್ಲಿ ಮಾತ್ರ ರೋಗವೂ ಹರಡುವಿಕೆಯೂ ಇರುವುದೇ ಆ ಉದ್ದನೆಯ ಬಾಲದಲ್ಲಿ. ಹಿಂಡಿನ ಒಟ್ಟು ಮೊಟ್ಟೆಯಲ್ಲಿ ಶೇ 28 ಆ ಒಂದು ಕುರಿಯದ್ದು. ಅದನ್ನು ತೆಗೆದರೆ ಕೆರೆಯಂಗಳಕ್ಕೆ ಬೀಳುವ ಮೊಟ್ಟೆಯ ಕಾಲು ಭಾಗಕ್ಕಿಂತ ಹೆಚ್ಚನ್ನು ಕಾಗದದ ಮೇಲೆ ಮಾತ್ರ ಅಳಿಸಿದಂತೆ.

ಅಂಕಿಸಂಕಿ

ಗುಣಿಸಿದ ಸಂಖ್ಯೆಯ ವಿಷಯ ಹೊಳೆದಿರಲಿಲ್ಲ ಸರ್, ಥ್ಯಾಂಕ್ಸ್. ಹಾಗಾದರೆ ನೆಗೆಟಿವ್ ಬೈನಾಮಿಯಲ್ಲಿನಲ್ಲಿ ಗುಂಪುಗೂಡುವಿಕೆಯನ್ನು ಅಳೆಯುವ k ಎಷ್ಟು? ಸರಾಸರಿಯ ವರ್ಗವನ್ನು (ವೇರಿಯನ್ಸ್ − ಸರಾಸರಿ)ಯಿಂದ ಭಾಗಿಸಿದರೆ 0.33 ಬರುತ್ತಿದೆ. 48 ತೆಗೆದು ನೋಡಿದರೆ 0.49. ಒಂದು ಕುರಿಯಿಂದ ಇಷ್ಟು ಅಲುಗಾಡುವ ಸಂಖ್ಯೆಯನ್ನು ಹೇಗೆ ನಂಬುವುದು?

ಹುಳುಮೇಷ್ಟ್ರು

ಒಳ್ಳೆಯ ಪ್ರಶ್ನೆ. ಆ ಸೂತ್ರಕ್ಕೆ ವೇರಿಯನ್ಸ್ ಬೇಕು, ವೇರಿಯನ್ಸ್ ಎಂಬುದು ದೊಡ್ಡ ಅಂಕಿಯ ಕೈಗೊಂಬೆ. ಸೊನ್ನೆಗಳ ಪಾಲಿನಿಂದ k ಕಂಡುಹಿಡಿಯುವ ಇನ್ನೊಂದು ದಾರಿ ಇದೆ, ಇದೇ ಅಂಕಿಗಳಿಗೆ ಅದು ಸುಮಾರು 0.54 ಕೊಡುತ್ತದೆ. ಒಂದು ದಾರಿ ಬಾಲವನ್ನೇ ನೋಡುತ್ತದೆ, ಇನ್ನೊಂದು ತಲೆಯನ್ನೇ. ಎಲ್ಲ ಅಂಕಿಗಳನ್ನೂ ಒಟ್ಟಿಗೆ ತೂಗುವುದು ಮ್ಯಾಕ್ಸಿಮಮ್ ಲೈಕ್ಲಿಹುಡ್. R ಎಂಬ ಲೆಕ್ಕದ ತಂತ್ರಾಂಶ ಇದ್ದರೆ ಇಷ್ಟೇ:

```
library(MASS)
x <- c(rep(0,8), rep(1,5), rep(2,4), rep(3,3),
       4,4,6,6,8,11,14,19,27,48)
fitdistr(x, "negative binomial")
```

`size` ಎಂದು ತೋರಿಸುವುದೇ k. ಸುಮಾರು 0.46 ಬರುತ್ತದೆ, ಅದರ ಸ್ಟ್ಯಾಂಡರ್ಡ್ ಎರರ್ 0.13ರ ಆಸುಪಾಸು. ಈ k ಇಟ್ಟುಕೊಂಡರೆ ಸೊನ್ನೆ ಬರಬೇಕಾದ ಕುರಿಗಳು 9, ನಿಜವಾಗಿ ಬಂದದ್ದು 8. ಒಂದು ಮೊಟ್ಟೆಯವು 4 ಇರಬೇಕು, ಬಂದದ್ದು 5. ಮೂವತ್ತು ಕುರಿಗೆ ಇದಕ್ಕಿಂತ ಒಳ್ಳೆಯ ಹೊಂದಿಕೆ ಸಿಗುವುದು ಕಷ್ಟ. k ಸಣ್ಣದಾದಷ್ಟೂ ಹೊರೆ ಕೆಲವೇ ಕುರಿಗಳ ಮೇಲೆ ಗುಡ್ಡೆಯಾಗಿದೆ ಎಂದರ್ಥ. k ತುಂಬಾ ದೊಡ್ಡದಾದರೆ ಹಂಚಿಕೆ ಪಾಯ್ಸಾನ್ ಕಡೆಗೆ ಹೋಗುತ್ತದೆ.

ಸಿದ್ದಪ್ಪ_ಕುರಿಗಾರ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮದು ಕೊಪ್ಪಳದ ಕಡಿ, ಇನ್ನೂರು ಡೆಕ್ಕನಿ ಕುರಿ ಅದಾವ. ಈ k, R ಎಲ್ಲ ನನಗ ತಿಳಿಯಂಗಿಲ್ಲ. ಒಂದ ಮಾತ ಹೇಳ್ತೀನಿ. ನಮ್ಮಪ್ಪ ಇದ್ದಾಗಿಂದನೂ ಎರಡು ತಿಂಗಳಿಗೊಮ್ಮಿ ಎಲ್ಲಾ ಕುರಿಗೂ ಜಂತಿನ ಔಷಧ ಕುಡಸ್ತೀವಿ. ಮೊದಲ ಚಲೋ ಕೆಲಸ ಮಾಡ್ತಿತ್ತು. ಈಗ ಎರಡು ವರ್ಷದಿಂದ ಕುಡಿಸಿ ಹದಿನೈದು ದಿನಕ್ಕ ಮತ್ತ ಗದ್ದದ ಕೆಳಗ ನೀರು ಇಳಿತಾವ, ಕಣ್ಣು ಬೆಳ್ಳಗ ಆಗ್ತಾವ. ನಮ್ಮಲ್ಲೂ ಅದ ಅದ ಕುರಿ ಪ್ರತಿ ಸಲ ಬೀಳ್ತಾವ, ಉಳದಾವ ಗಟ್ಟಿ ಇರ್ತಾವ. ತಂಗಿ ಎಣಿಸಿದ್ದು ಸುಳ್ಳಲ್ಲ. ಆದರ ಯಾಕ ಹಿಂಗ, ಅದನ್ನ ಯಾರರ ತಿಳಿಸಿ ಹೇಳ್ರಿ.

ಹುಳುಮೇಷ್ಟ್ರು

ಸಿದ್ದಪ್ಪನವರೇ, ಅಂಗಳದಲ್ಲಿ ಮೂವತ್ತು ಪಾತ್ರೆ ಇಟ್ಟಿದ್ದೀರಿ, ಆಲಿಕಲ್ಲು ಮಳೆ ಬಂತು ಎಂದುಕೊಳ್ಳಿ. ಎಲ್ಲವೂ ಒಂದೇ ಅಳತೆಯ ಚೊಂಬಾಗಿದ್ದರೆ ಒಂದರಲ್ಲಿ ಮೂರು ಕಲ್ಲು, ಇನ್ನೊಂದರಲ್ಲಿ ಏಳು, ಮತ್ತೊಂದರಲ್ಲಿ ಐದು ಬೀಳುತ್ತವೆ. ಅಷ್ಟು ಏರುಪೇರು ಬರಿ ಅದೃಷ್ಟದ್ದು, ಅದೇ ಪಾಯ್ಸಾನ್. ಈಗ ಚೊಂಬಿನ ಜೊತೆ ಲೋಟ, ಬೋಗುಣಿ, ಒಂದೆರಡು ಕೊಪ್ಪರಿಗೆಯನ್ನೂ ಇಡಿ. ಬಹಳಷ್ಟು ಲೋಟಗಳು ಖಾಲಿ ಉಳಿಯುತ್ತವೆ, ಕೊಪ್ಪರಿಗೆ ತುಂಬುತ್ತದೆ. ಪಾತ್ರೆಗಳ ಬಾಯಿಯ ಅಗಲ ಗಾಮಾ ಎಂಬ ಒಂದು ಓರೆ ಹಂಚಿಕೆಯಲ್ಲಿದ್ದರೆ ಬಿದ್ದ ಕಲ್ಲುಗಳ ಲೆಕ್ಕ ಸರಿಯಾಗಿ ನೆಗೆಟಿವ್ ಬೈನಾಮಿಯಲ್ ಆಗುತ್ತದೆ. ಇದನ್ನು ಗ್ರೀನ್‌ವುಡ್ ಮತ್ತು ಯೂಲ್ 1920ರಲ್ಲೇ ತೋರಿಸಿದ್ದರು. k ಎಂಬುದು ಆ ಬಾಯಿಗಳ ಅಗಲ ಎಷ್ಟು ಭಿನ್ನವಾಗಿದೆ ಎಂಬುದರ ಅಳತೆ.

ಕುರಿಯ ಬಾಯಿ ಅಗಲವಾಗುವುದು ಹೇಗೆ? ನಿಮ್ಮ ಕುರಿಗಳ ಗದ್ದಕ್ಕೆ ನೀರಿಳಿಸುವ ಹುಳು ಬಹುಪಾಲು ಹಿಮಾಂಕಸ್. ನಾಲ್ಕನೇ ಹೊಟ್ಟೆಯ ಗೋಡೆ ಕಚ್ಚಿ ರಕ್ತ ಕುಡಿಯುವ, ಕೆಂಪು ಬಿಳಿ ಹುರಿ ಹೊಸೆದಂತೆ ಕಾಣುವ ಹುಳು ಅದು. ಒಂದು ಹೆಣ್ಣು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಬೆಚ್ಚಗೆ, ತೇವ ಇದ್ದರೆ ಸುಮಾರು ವಾರದಲ್ಲಿ ಮರಿಹುಳು ಹುಲ್ಲು ಹತ್ತುತ್ತದೆ. ಅದನ್ನು ತಿಂದ ಕುರಿಗಳಲ್ಲಿ ಎಳೆಮರಿಗೆ ಎದುರಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಈದ ಕುರಿಯಲ್ಲಿ ಇದ್ದ ಶಕ್ತಿಯೂ ಈಯುವ ಹೊತ್ತಿಗೆ, ಹಾಲು ಕೊಡುವಾಗ ಸಡಿಲವಾಗುತ್ತದೆ. ಉಳಿದವುಗಳಲ್ಲಿ ರಕ್ತದಿಂದಲೇ ಬಂದ ವ್ಯತ್ಯಾಸವೂ ಇದೆ. ಅದು ಮಕ್ಕಳಿಗೆ ಇಳಿಯುತ್ತದೆ ಎಂದು ಗೊತ್ತಾದ ಮೇಲೆಯೇ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹಿಕ್ಕೆಯ ಮೊಟ್ಟೆ ನೋಡಿ ಟಗರು ಆರಿಸುವ ಪದ್ಧತಿ ಬಂತು.

ಇನ್ನೊಂದು ಕಾರಣವೂ ಸೇರುತ್ತದೆ. ಆಲಿಕಲ್ಲು ಒಂದೊಂದಾಗಿ ಬೀಳದೆ ಉಂಡೆಯಾಗಿ ಅಂಟಿಕೊಂಡು ಬಿದ್ದರೆ? ಆಗ ಎಲ್ಲ ಪಾತ್ರೆಗಳು ಒಂದೇ ಅಳತೆ ಇದ್ದರೂ ಹಂಚಿಕೆ ಓರೆಯಾಗುತ್ತದೆ. ಮರಿಹುಳು ತಾನು ಹುಟ್ಟಿದ ಹಿಕ್ಕೆಯಿಂದ ಹೆಚ್ಚು ದೂರ ಹೋಗದು. ಹಾಗಾಗಿ ಹುಲ್ಲುಗಾವಲಿನಲ್ಲೇ ಅವು ಗುಂಪು ಗುಂಪಾಗಿರುತ್ತವೆ. ಒಂದು ಕುರಿ ಒಂದು ಬಾಯಿಗೆ ನೂರು ಮರಿಹುಳು ನುಂಗಿದರೆ ಪಕ್ಕದ್ದು ಒಂದೂ ನುಂಗದೆ ಮುಂದೆ ಹೋಗಿರಬಹುದು.

ಇಲ್ಲಿ ಒಂದು ಎಚ್ಚರಿಕೆ. ಭಿನ್ನ ಬಾಯಿಯ ಪಾತ್ರೆ, ಅಂಟಿಕೊಂಡ ಕಲ್ಲು, ಎರಡೂ ಇದೇ ನೆಗೆಟಿವ್ ಬೈನಾಮಿಯಲ್ಲನ್ನು ಕೊಡಬಲ್ಲವು. ಅಂಕಿಗಳು ಚೆನ್ನಾಗಿ ಹೊಂದಿದವು ಎಂಬುದರಿಂದ ಕಾರಣ ಯಾವುದೆಂದು ಹೇಳಲಾಗದು.

ರೇಖಾ_ಹಟ್ಟಿ

ಮೇಷ್ಟ್ರೇ, 17ನೇ ಕುರಿ ಮೂರು ವಾರದ ಕೆಳಗೆ ಅವಳಿ ಮರಿ ಹಾಕಿದೆ! ಇದನ್ನು ಮೊದಲೇ ಹೇಳಬೇಕಿತ್ತು. 27 ಬಂದದ್ದೂ ಬಾಣಂತಿಯೇ. ಆದರೆ 19 ಬಂದದ್ದು ಎರಡು ವರ್ಷದ ಗೊಡ್ಡು ಕುರಿ, ಅದಕ್ಕೆ ಯಾವ ಕಾರಣವೂ ಕಾಣುತ್ತಿಲ್ಲ.

ಹೋದ ವರ್ಷ ನಾನು ಐದು ಕುರಿಗಳ ಹಿಕ್ಕೆ ಮಾತ್ರ ಪರೀಕ್ಷೆಗೆ ಕೊಟ್ಟಿದ್ದೆ. 'ಕಡಿಮೆ ಇದೆ, ಔಷಧ ಬೇಡ' ಎಂಬ ಉತ್ತರ ಬಂತು. ಅದೇ ತಿಂಗಳು ಒಂದು ಸತ್ತಿತು. ಪರೀಕ್ಷೆಯೇ ತಪ್ಪು ಎಂದು ಇಷ್ಟು ದಿನ ಸಿಟ್ಟಿನಲ್ಲಿದ್ದೆ.

ಅಂಕಿಸಂಕಿ

ಇದನ್ನು ಲೆಕ್ಕ ಹಾಕಬಹುದು ಮೇಡಂ. ಈಗಿನ 30ರಲ್ಲಿ ಯಾವುದಾದರೂ ಐದನ್ನು ಕಣ್ಣುಮುಚ್ಚಿ ಹಿಡಿದರೆ 48ರ ಕುರಿ ತಪ್ಪಿಹೋಗುವ ಸಂಭವ ಶೇ 83. ಮೇಲಿನ ಮೂರೂ ತಪ್ಪಿಹೋಗುವ ಸಂಭವವೇ ಶೇ 57. ಅಂದರೆ ಅರ್ಧಕ್ಕಿಂತ ಹೆಚ್ಚು ಸಲ ಐದು ಪೊಟ್ಟಣಗಳ ಉತ್ತರ 'ಪರವಾಗಿಲ್ಲ' ಎಂದೇ ಬರುತ್ತದೆ. ಪರೀಕ್ಷೆ ಮಾಡಿದವರು ಸರಿಯಾಗಿಯೇ ಎಣಿಸಿರಬಹುದು.

ಹಾಗಾದರೆ ಎಲ್ಲವುಗಳ ಹಿಕ್ಕೆ ಕಲಸಿ ಒಂದೇ ಪರೀಕ್ಷೆ ಮಾಡಿದರೆ ಖರ್ಚು ಉಳಿಯುವುದಿಲ್ಲವೇ?

ಹುಳುಮೇಷ್ಟ್ರು

ಕಲಸಿದರೆ ಸರಾಸರಿ ಸಿಗುತ್ತದೆ, ಇಲ್ಲಿ ಸುಮಾರು 280. ಕೆರೆಯಂಗಳಕ್ಕೆ ಒಟ್ಟು ಎಷ್ಟು ಮೊಟ್ಟೆ ಬೀಳುತ್ತಿದೆ ಎಂದು ತಿಳಿಯಲು ಅದು ಸಾಕು. ಯಾವ ಕುರಿ ಸಾಯಲಿದೆ ಎಂದು ತಿಳಿಯಲು ಸಾಲದು. ಸರಾಸರಿ ಹೊರೆಯ ಕುರಿ ಎಂಬುದೇ ಈ ಹಿಂಡಿನಲ್ಲಿ ಇಲ್ಲ ನೋಡಿ. ಅರ್ಧ ಹಿಂಡು, ಅಂದರೆ ಕೆಳಗಿನ 15 ಕುರಿ, ಸೇರಿ ಹಾಕಿದ್ದು 9 ಮೊಟ್ಟೆ.

ಒಂದು ಮಾತು ಸೇರಿಸಬೇಕು. ಮೊಟ್ಟೆಯ ಎಣಿಕೆ ಎಂದರೆ ಹುಳುಗಳ ಎಣಿಕೆಯಲ್ಲ. ಗಾಜಿನಲ್ಲಿ ಸೊನ್ನೆ ಬಂದ ಕುರಿಗೆ ಗ್ರಾಂಗೆ 30 ಮೊಟ್ಟೆ ಇದ್ದಿರಬಹುದು, ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಹೊಟ್ಟೆಯಲ್ಲಿ ಬಲಿಯದ ಹುಳುಗಳೇ ತುಂಬಿದ್ದರೆ ರಕ್ತ ಹೋಗುತ್ತದೆ, ಮೊಟ್ಟೆ ಬರುವುದಿಲ್ಲ. ಹುಳು ಹೆಚ್ಚಾದಾಗ ಒಂದೊಂದು ಹೆಣ್ಣು ಇಡುವ ಮೊಟ್ಟೆ ಕಡಿಮೆಯಾಗುವುದೂ ಉಂಟು. ಹಾಗಾಗಿ 0.46 ಎಂಬುದು ಮೊಟ್ಟೆಗಳ k. ಹುಳುಗಳ k ಬೇರೆಯೇ ಇರಬಹುದು.

ಸಾವಿತ್ರಿ_ಟೀಚರ್

ನಾನು ಸರ್ಕಾರಿ ಶಾಲೆಯಲ್ಲಿ ಕಲಿಸುತ್ತೇನೆ. ಇದನ್ನು ಓದಿ ಒಂದು ಅನುಮಾನ ಬಂತು. ಫೆಬ್ರುವರಿ 10ಕ್ಕೆ ಜಂತುಹುಳು ನಿವಾರಣಾ ದಿನ ಎಂದು ಎಲ್ಲ ಮಕ್ಕಳಿಗೂ ಮಾತ್ರೆ ಕೊಡುತ್ತೇವೆ. ಹುಳು ಕೆಲವು ಮಕ್ಕಳಲ್ಲಿ ಮಾತ್ರ ಇದ್ದರೆ ಉಳಿದವರಿಗೆ ಕೊಡುವುದು ವ್ಯರ್ಥವಲ್ಲವೇ? ಒಬ್ಬ ತಾಯಿ ನನ್ನನ್ನು ಇದನ್ನೇ ಕೇಳಿದ್ದರು, ಉತ್ತರ ಇರಲಿಲ್ಲ.

ಹುಳುಮೇಷ್ಟ್ರು

ಟೀಚರ್, ಮಾತ್ರೆ ನಿಲ್ಲಿಸುವ ಮಾತು ಇದರಿಂದ ಹೊರಡುವುದಿಲ್ಲ. ಕೆಲವರಲ್ಲಿ ಮಾತ್ರ ಹುಳು ಇದೆ ಎಂದು ನಾನು ಹೇಳಿಲ್ಲ, ಬಹಳ ಮಕ್ಕಳಲ್ಲಿ ಸ್ವಲ್ಪ ಮತ್ತು ಸ್ವಲ್ಪ ಮಕ್ಕಳಲ್ಲಿ ಬಹಳ ಎಂಬುದು ವಿಷಯ. ಆ ಸ್ವಲ್ಪ ಮಕ್ಕಳು ಯಾರೆಂದು ತಿಳಿಯಲು ಪ್ರತಿ ಮಗುವಿನ ಮಲ ಪರೀಕ್ಷೆ ಆಗಬೇಕು. ಮಾತ್ರೆಗಿಂತ ಪರೀಕ್ಷೆಯ ಖರ್ಚು ಹೆಚ್ಚು, ಮಾತ್ರೆ ಸುರಕ್ಷಿತ. ಆದ್ದರಿಂದ ಎಲ್ಲರಿಗೂ ಕೊಡುವುದೇ ಸರಿ. ಹೊರೆ ಹೊತ್ತ ಮಗು ಅಂದು ಗೈರಾಗಿದ್ದರೆ ನಷ್ಟ ದೊಡ್ಡದು. ನಿಮ್ಮ ಕೈಯಲ್ಲಿರುವುದು ಅಷ್ಟೇ, ಬಿಟ್ಟುಹೋದ ಮಕ್ಕಳಿಗೆ ಆಮೇಲಿನ ಸುತ್ತಿನಲ್ಲಿ ತಪ್ಪದೆ ಕೊಡಿಸಿ.

ಮನುಷ್ಯರಲ್ಲೂ ಇದೇ ಚಿತ್ರ ಎಂದು ನಮ್ಮ ದೇಶದಲ್ಲೇ ತೋರಿಸಿದ್ದಾರೆ. ಪುಲಿಕಾಟ್ ಸರೋವರದ ಬಳಿಯ ವೈರವನ್‌ಕುಪ್ಪಂ ಎಂಬ ಮೀನುಗಾರರ ಹಳ್ಳಿಯಲ್ಲಿ 1980ರ ದಶಕದಲ್ಲಿ ಜನರಿಗೆ ಔಷಧ ಕೊಟ್ಟು, ಹೊರಬಿದ್ದ ದುಂಡುಹುಳುಗಳನ್ನು ಒಬ್ಬೊಬ್ಬರದ್ದೂ ಎಣಿಸಿದರು. ತಿಂಗಳುಗಳ ನಂತರ ಮತ್ತೆ ಔಷಧ ಕೊಟ್ಟು ಮತ್ತೆ ಎಣಿಸಿದರು. ಮೊದಲ ಸಲ ಹೆಚ್ಚು ಹುಳು ಇದ್ದವರಲ್ಲೇ ಎರಡನೇ ಸಲವೂ ಹೆಚ್ಚು ಸೇರಿಕೊಳ್ಳುವ ಒಲವು ಕಂಡಿತು. ಪಶ್ಚಿಮ ಬಂಗಾಳದಲ್ಲಿ ಕೊಕ್ಕೆಹುಳುವಿನ ಬಗ್ಗೆ ಶಾಡ್ ಮತ್ತು ಆಂಡರ್ಸನ್ 1985ರಲ್ಲಿ ಇದನ್ನೇ ಬರೆದರು. ಸಿದ್ದಪ್ಪನವರು 'ಅದ ಅದ ಕುರಿ ಬೀಳ್ತಾವ' ಎಂದದ್ದು ಇದೇ.

ಸಿದ್ದಪ್ಪ_ಕುರಿಗಾರ

ಮೇಷ್ಟ್ರ, ಮಕ್ಕಳಿಗೆ ಎಲ್ಲಾರಿಗೂ ಕೊಡ್ರಿ ಅಂತೀರಿ. ಹಂಗಾರ ಕುರಿಗೆ ನಾವು ಮಾಡಿದ್ದೂ ಅದ ಅಲ್ರೀ? ಎಲ್ಲಾದಕ್ಕೂ ಕುಡಿಸಿದ್ವಿ. ಅದರಾಗ ತಪ್ಪೇನ?

ಹುಳುಮೇಷ್ಟ್ರು

ನ್ಯಾಯವಾದ ಪ್ರಶ್ನೆ. ಕುರಿಯಲ್ಲಿ ಎರಡು ಸಂಗತಿ ಬೇರೆ. ವರ್ಷಕ್ಕೆ ಆರು ಸಲ ಎಲ್ಲವಕ್ಕೂ ಕುಡಿಸಿದರೆ ಔಷಧಕ್ಕೆ ಸಾಯದ ಹುಳು ಮಾತ್ರ ಉಳಿಯುತ್ತದೆ, ಮುಂದಿನ ಪೀಳಿಗೆ ಪೂರ್ತಿ ಅದರದ್ದೇ. ಕಡಿಮೆ ಹೊರೆಯ ಕುರಿಗಳನ್ನು ಹಾಗೆಯೇ ಬಿಟ್ಟರೆ ಅವುಗಳಲ್ಲಿನ ಹಳೆಯ, ಔಷಧಕ್ಕೆ ಬಗ್ಗುವ ಹುಳುಗಳು ಉಳಿದು ಬೆರೆಯುತ್ತವೆ, ನಿರೋಧ ಬೇಗ ಏರುವುದಿಲ್ಲ. ಗುಂಪುಗೂಡಿದ ಹಂಚಿಕೆಯ ಲಾಭ ಇದೇ. ರೇಖಾ ಅವರ ಹಿಂಡಿನಲ್ಲಿ 6 ಕುರಿಗೆ ಕುಡಿಸಿದರೆ ಶೇ 75 ಮೊಟ್ಟೆ ನಿಲ್ಲುತ್ತದೆ, 24 ಕುರಿಗಳ ಹುಳು ಔಷಧ ಕಾಣದೆ ಉಳಿಯುತ್ತದೆ.

ಎರಡನೆಯದು, ಕುರಿಯಲ್ಲಿ ಹೊರೆ ಹೊತ್ತವನ್ನು ಗುರುತಿಸಲು ಅಗ್ಗದ ದಾರಿ ಇದೆ. ಹಿಮಾಂಕಸ್ ರಕ್ತ ಕುಡಿಯುವುದರಿಂದ ಕೆಳರೆಪ್ಪೆಯ ಒಳಭಾಗ ಬಿಳಿಚುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೇ ಫಮಾಚಾ ಎಂಬ ಬಣ್ಣದ ಪಟ್ಟಿ ಮಾಡಿದರು, ಕೆಂಪಿಗೆ 1, ಬಿಳಿಚಿದ್ದಕ್ಕೆ 5. ಬೆಳಕಿನಲ್ಲಿ ಪಟ್ಟಿ ಹಿಡಿದು ನೋಡಿ 4, 5 ಬಂದವಕ್ಕೆ ಕುಡಿಸಬೇಕು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನೋಡಬೇಕು, ಹಿಮಾಂಕಸ್ ಬೇಗ ಕೊಲ್ಲುತ್ತದೆ. ರಕ್ತ ಕುಡಿಯದ ಹುಳುಗಳಿಗೆ ಈ ಪಟ್ಟಿ ಕೆಲಸಕ್ಕೆ ಬಾರದು.

ನಿಮ್ಮ ಔಷಧ ಸೋತಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮೊಟ್ಟೆ ಚೆನ್ನಾಗಿ ಇರುವ ಹತ್ತು ಹದಿನೈದು ಕುರಿ ಆರಿಸಿ ಎಣಿಸಿ, ತೂಕಕ್ಕೆ ತಕ್ಕಂತೆ ಕುಡಿಸಿ, ಎರಡು ವಾರದ ನಂತರ ಅವೇ ಕುರಿಗಳನ್ನು ಮತ್ತೆ ಎಣಿಸಿ. ಮೊಟ್ಟೆ ಶೇ 95ರಷ್ಟಾದರೂ ಇಳಿಯದಿದ್ದರೆ ಔಷಧ ಸೋತ ಅನುಮಾನ ಗಟ್ಟಿ. ಸೊನ್ನೆ ಇರುವ ಕುರಿಗಳನ್ನು ಆರಿಸಿದರೆ ಏನೂ ತಿಳಿಯದು.

ಸಿದ್ದಪ್ಪ_ಕುರಿಗಾರ

ತೂಕ ನೋಡಿ ಕುಡಿಸಿಲ್ರೀ ನಾವು ಎಂದೂ. ಎಲ್ಲಾದಕ್ಕೂ ಒಂದ ಅಳತಿ. ನಮ್ಮ ಪಶು ಆಸ್ಪತ್ರಿ ಡಾಕ್ಟರ್ರನ್ನ ಕೇಳಿ ಎಣಿಸ್ತೀನಿ.

ಅಂಕಿಸಂಕಿ

ಸರ್, ಒಂದು ಸಂಶಯ ಉಳಿದಿದೆ. ಹೆಚ್ಚು ಹೊರೆಯ ಕುರಿಗಳು ಸತ್ತರೆ ಬಾಲವೇ ಕತ್ತರಿಸಿಹೋಗುತ್ತದಲ್ಲ? ಆಗ ಉಳಿದ ಹಿಂಡನ್ನು ಅಳೆದರೆ k ದೊಡ್ಡದಾಗಿ ಕಾಣುತ್ತದೆ, ಹುಳು ಸಮವಾಗಿ ಹಂಚಿದೆ ಎಂದು ಭ್ರಮೆಯಾಗುತ್ತದೆ.

ಹುಳುಮೇಷ್ಟ್ರು

ನೀವು ಈಗ ಹೇಳಿದ್ದು ಕ್ರಾಫ್ಟನ್ 1971ರಲ್ಲಿ ಎತ್ತಿದ ವಿಷಯವೇ. ಅವರು ನೋಡಿದ್ದು ಸಿಹಿನೀರಿನ ಸೀಗಡಿಯಂಥ ಗಾಮರಸ್‌ನಲ್ಲಿದ್ದ ಮುಳ್ಳುತಲೆ ಹುಳುಗಳನ್ನು. ಹೆಚ್ಚು ಹುಳು ಹೊತ್ತವು ಸತ್ತು ಲೆಕ್ಕದಿಂದ ಜಾರುತ್ತಿವೆ ಎಂದು ಬಾಲದ ಆಕಾರದಿಂದಲೇ ಊಹಿಸಿದರು. ಆದರೆ ಬಾಲ ಮೊಟಕಾಗಲು ಸಾವೇ ಕಾರಣವಾಗಬೇಕಿಲ್ಲ. ವಯಸ್ಸಾದಂತೆ ಬಂದ ನಿರೋಧ ಶಕ್ತಿಯೂ ಹಾಗೆಯೇ ಕಾಣಬಹುದು. ಒಂದು ದಿನದ ಎಣಿಕೆಯಿಂದ ಇವೆರಡನ್ನು ಬೇರ್ಪಡಿಸುವ ದಾರಿ ನನಗೆ ಕಂಡಿಲ್ಲ. ಸತ್ತ ಕುರಿಯ ಹೊಟ್ಟೆ ಸೀಳಿ ಹುಳು ಎಣಿಸಿದರೆ ಸ್ವಲ್ಪ ಬೆಳಕು ಸಿಗುತ್ತದೆ.

ರೇಖಾ_ಹಟ್ಟಿ

ಇವತ್ತು ಬೆಳಿಗ್ಗೆ ವೈದ್ಯರ ಪಟ್ಟಿ ತಂದು 30ರ ಕಣ್ಣನ್ನೂ ನೋಡಿದೆ. ಮೇಲಿನ ಆರರಲ್ಲಿ ನಾಲ್ಕಕ್ಕೆ 4 ಅಥವಾ 5. ಆ ಗೊಡ್ಡು ಕುರಿ ಮತ್ತು 11 ಬಂದದ್ದು ಎರಡರ ಕಣ್ಣೂ ಚೆನ್ನಾಗಿ ಕೆಂಪಗಿವೆ. ಎಣಿಕೆಯಲ್ಲಿ ಎರಡೇ ಮೊಟ್ಟೆ ಇದ್ದ ಒಂದು ಮರಿಯ ಕಣ್ಣು ಮಾತ್ರ ಬಿಳಿಚಿ 4 ಬಂತು. ಬಿಳಿಚಿದ ಐದಕ್ಕೂ ತೂಕ ನೋಡಿ ಔಷಧ ಕುಡಿಸಿದೆವು. ಕೆಂಪು ಕಣ್ಣಿನ ಆ ಎರಡನ್ನು ಏನು ಮಾಡಲಿ? ಅವು ಆರೋಗ್ಯವಾಗಿವೆ, ಆದರೆ ಮೊಟ್ಟೆ ಚೆಲ್ಲುತ್ತಲೇ ಇವೆ.

ಹುಳುಮೇಷ್ಟ್ರು

ಆ ಎರಡು ಹುಳುವನ್ನು ತಡೆಯುತ್ತಿಲ್ಲ, ತಾಳಿಕೊಳ್ಳುತ್ತಿವೆ. ಕಣ್ಣಿನ ಪಟ್ಟಿಗೆ ಸಿಗದವು ಇವೇ. ನಾನಾಗಿದ್ದರೆ ಈ ಮಳೆಗಾಲ ಅವಕ್ಕೂ ಕುಡಿಸುತ್ತಿದ್ದೆ, ಅವುಗಳ ಮರಿಗಳನ್ನು ತಳಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ಇದಕ್ಕೆ ಒಪ್ಪದ ಪಶುವೈದ್ಯರೂ ಇದ್ದಾರೆ. ಬಿಳಿಚಿದ ಮರಿಯಲ್ಲಿ ಬಲಿಯದ ಹುಳು ತುಂಬಿರಬಹುದು, ಉಣುಗಿನ ಕಾಟವಿರಬಹುದು, ಯಕೃತ್ತಿನ ಚಪ್ಪಟೆ ಹುಳುವೂ ಇರಬಹುದು, ಕೆರೆಯಂಗಳ ಎಂದಿರಿ, ಅದನ್ನು ಹರಡುವ ಬಸವನಹುಳು ಇದ್ದೇ ಇರುತ್ತದೆ. ಆ ಮರಿಯ ಹಿಕ್ಕೆಯನ್ನು ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡಿಸಿ.

ರೇಖಾ_ಹಟ್ಟಿ

ಸರಿ ಮೇಷ್ಟ್ರೇ. ಐದು ವಾರ ಬಿಟ್ಟು 30ನ್ನೂ ಮತ್ತೆ ಎಣಿಸುತ್ತೇನೆ. ಆಗ ಅವೇ ಆರು ಮೇಲೆ ಬರುತ್ತವೆಯೇ ನೋಡೋಣ.

ಅಂಕಿಸಂಕಿ

ಮೇಡಂ, ಔಷಧ ಕುಡಿಸಿದವು ಇಳಿದೇ ಇಳಿಯುತ್ತವೆ, ಹಾಗಾಗಿ ಆ ಹೋಲಿಕೆ ನಿಲ್ಲುವುದಿಲ್ಲ. ಪುಲಿಕಾಟ್‌ನಲ್ಲಿ ಎಲ್ಲರಿಗೂ ಔಷಧ ಕೊಟ್ಟು ಶುರು ಮಾಡಿದ್ದರಿಂದ ಹೋಲಿಸಲು ಬಂತು. ನೀವು ಕುಡಿಸದ 25ರ ಕ್ರಮವನ್ನು ಮಾತ್ರ ಹೋಲಿಸಿ. ಗಾಜಿನ ಎಣಿಕೆಯನ್ನೇ ಕಳಿಸಿ, 50ರಿಂದ ಗುಣಿಸಬೇಡಿ.